ತೋರಿಸಿದ ದರ ಒಂದು, ಬಿಲ್ಲಿನ ಮೊತ್ತ ಇನ್ನೊಂದು

ಹೋಟೆಲಿನ ಬಿಲ್ಲು ಕೈಗೆ ಬರುವುದು ತೀರಾ ಅವಸರದ ಹೊತ್ತಿನಲ್ಲಿ. ಕೊಠಡಿ ಖಾಲಿ ಮಾಡಿ ಚೀಲಗಳನ್ನು ಕೆಳಗಿಳಿಸಿರುತ್ತೇವೆ, ಹೊರಗೆ ಆಟೊ ಕಾಯುತ್ತಿರುತ್ತದೆ, ರೈಲಿಗೆ ಹೆಚ್ಚು ಸಮಯ ಉಳಿದಿರುವುದಿಲ್ಲ. ಮೊತ್ತ ನೋಡಿ ಗಾಬರಿಯಾಗಿ ಕೇಳಿದರೆ ಕೌಂಟರಿನ ಹುಡುಗ "ಸಿಸ್ಟಮ್‌ನಲ್ಲಿ ಹಾಗೇ ಬರ್ತಿದೆ ಸರ್" ಎನ್ನುತ್ತಾನೆ. ಹೆಚ್ಚಿನವರು ಹಣ ಕೊಟ್ಟು ಹೊರಡುತ್ತಾರೆ. ಊರು ಸೇರಿದ ಮೇಲೆ ಸಿಟ್ಟು ಏರಿ, ಬುಕ್ ಮಾಡಿದಾಗ ತೋರಿಸಿದ ದರದ ಸ್ಕ್ರೀನ್‌ಶಾಟನ್ನೂ ಬಿಲ್ಲಿನ ಫೋಟೊವನ್ನೂ ಸೇರಿಸಿ, "ಇದು ಹಗಲುದರೋಡೆ, ನಮ್ಮ ಹಣ ವಾಪಸ್ ಕೊಡಿ" ಎಂದು ಒಂದು ಮೇಲ್ ಕಳಿಸುತ್ತಾರೆ. ಅದಕ್ಕೆ ಉತ್ತರ ಬರುವುದಿಲ್ಲ. ಬಂದರೂ "ತೆರಿಗೆ ಮತ್ತು ಇತರ ಶುಲ್ಕಗಳು ಪ್ರತ್ಯೇಕ" ಎಂಬ ಒಂದೇ ಸಾಲು.

ಅಲ್ಲಿಗೆ ಮುಗಿಯಬೇಕಾಗಿಲ್ಲ. ಆದರೆ ಎರಡು ಚಿತ್ರಗಳಲ್ಲಿ ಎರಡು ಬೇರೆ ಮೊತ್ತ ಇದೆ ಎಂದು ತೋರಿಸುವುದರಿಂದ ಹೋಟೆಲಿನ ಲೆಕ್ಕ ವಿಭಾಗದಲ್ಲಿ ಕೂತಿರುವವರು ಏನೂ ಮಾಡಲಾರರು. ವ್ಯತ್ಯಾಸ ಬಿಲ್ಲಿನ ಯಾವ ಯಾವ ಸಾಲಿನಿಂದ ಹುಟ್ಟಿತು, ಅದರಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ಬಿಡಿಸಿಟ್ಟರೆ ಮಾತ್ರ ದೂರಿಗೆ ಬಲ ಬರುತ್ತದೆ. ಒಂದು ಉದಾಹರಣೆಯನ್ನು ಕಟ್ಟಿಕೊಂಡು, ಹಾಗೆ ಬಿಡಿಸುವುದು ಹೇಗೆ ಎಂದು ನೋಡೋಣ.

ದಾವಣಗೆರೆಯ ದಂಪತಿ ಒಂಬತ್ತು ವರ್ಷದ ಮಗಳೊಂದಿಗೆ ಡಿಸೆಂಬರ್ ರಜೆಯಲ್ಲಿ ಮೈಸೂರಿಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಬುಕಿಂಗ್ ಆ್ಯಪ್ ಒಂದರಲ್ಲಿ ಮೂರು ರಾತ್ರಿಗೆ ಕೊಠಡಿ ಕಾಯ್ದಿರಿಸಿದ್ದಾರೆ. ಪರದೆಯ ಮೇಲೆ ₹7,900 ಎಂಬ ದರಕ್ಕೆ ಗೀಟು ಎಳೆದು ₹5,800 ಎಂದು ತೋರಿಸಿದೆ. ಮೂರು ರಾತ್ರಿಗೆ ₹17,400, ಜಿಎಸ್‌ಟಿ ₹870, ಒಟ್ಟು ₹18,270. ಬೆಳಗಿನ ತಿಂಡಿ ಸೇರಿದೆ. ಹತ್ತು ವರ್ಷದೊಳಗಿನ ಮಗುವಿಗೆ ಬೇರೆ ಹಾಸಿಗೆ ಬೇಡವಾದರೆ ಶುಲ್ಕವಿಲ್ಲ, ಬೇಕಾದರೆ ರಾತ್ರಿಗೆ ₹900 ಎಂದು ನಿಯಮಗಳಲ್ಲಿದೆ. ಹಣವನ್ನು ಹೋಟೆಲಿನಲ್ಲೇ ಕೊಡಬೇಕು.

ಹೊರಡುವ ದಿನ ಕೈಗೆ ಬಂದ ಬಿಲ್ಲಿನಲ್ಲಿ ಇದ್ದದ್ದು ಹೀಗೆ: ಕೊಠಡಿ ಬಾಡಿಗೆ ₹17,400. ಹೆಚ್ಚುವರಿ ವ್ಯಕ್ತಿ, ಮೂರು ರಾತ್ರಿಗೆ ₹2,700. ಸೇವಾ ಶುಲ್ಕ ಶೇ. 5ರಂತೆ ₹1,005. ಈ ಮೂರೂ ಸೇರಿದ ₹21,105ರ ಮೇಲೆ ಶೇ. 18ರಂತೆ ಜಿಎಸ್‌ಟಿ ₹3,798.90. ಒಂದು ರಾತ್ರಿ ಅಲ್ಲೇ ಊಟ ಮಾಡಿದ್ದಕ್ಕೆ ತೆರಿಗೆ ಸೇರಿ ₹1,302. ಒಟ್ಟು, ಪೈಸೆ ಸರಿಹೊಂದಿಸಿ, ₹26,206.

ಸಿಟ್ಟಿನಲ್ಲಿ ಲೆಕ್ಕ ಹಾಕಿದರೆ 26,206ರಲ್ಲಿ 18,270 ಕಳೆದು "ಸುಮಾರು ಎಂಟು ಸಾವಿರ ಹೆಚ್ಚು ಕಿತ್ತುಕೊಂಡರು" ಎಂದು ಬರೆದುಬಿಡುತ್ತೇವೆ. ಊಟ ಮಾಡಿದ್ದು ನಿಜ, ಆ ₹1,302 ಬುಕಿಂಗ್ ದರದಲ್ಲಿ ಸೇರಿರಲಿಲ್ಲ. ಅದನ್ನು ಬಿಟ್ಟರೆ ವ್ಯತ್ಯಾಸ ₹6,634. ಇನ್ನೂ ಒಂದು ಸಂಗತಿಯಿದೆ. ಎರಡನೆಯ ರಾತ್ರಿ ಮಗಳಿಗೆಂದು ಒಂದು ಹಾಸಿಗೆ ತರಿಸಿಕೊಂಡಿದ್ದರು. ನಿಯಮದ ಪ್ರಕಾರ ಆ ಒಂದು ರಾತ್ರಿಯ ₹900 ಮತ್ತು ಅದರ ತೆರಿಗೆ ₹45 ಹೋಟೆಲಿಗೆ ಸಲ್ಲಬೇಕಾದ ಹಣ. ಅದನ್ನೂ ಕಳೆದರೆ ಮರಳಿ ಬರಬೇಕಾದದ್ದು ₹5,689. ಪತ್ರದಲ್ಲಿ ಕೇಳಬೇಕಾದ ಮೊತ್ತ ಇದೇ, ಒಂದು ರೂಪಾಯಿ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಎಂಟು ಸಾವಿರ ಎಂದು ಬರೆದರೆ ಹೋಟೆಲಿನವರು ಊಟದ ಬಿಲ್ಲನ್ನೂ ಹಾಸಿಗೆಯನ್ನೂ ಹಿಡಿದುಕೊಂಡು ಇಡೀ ದೂರೇ ಸುಳ್ಳು ಎನ್ನುತ್ತಾರೆ. ನಾವು ಕೊಡಬೇಕಾದದ್ದನ್ನು ನಾವೇ ಮೊದಲು ಒಪ್ಪಿಕೊಂಡರೆ ಅವರಿಗೆ ಆ ದಾರಿ ಇರುವುದಿಲ್ಲ.

ಈಗ ಬಿಲ್ಲಿನ ಒಂದೊಂದೇ ಸಾಲಿಗೆ ಬರೋಣ. ಅತಿ ದೊಡ್ಡ ತಪ್ಪು ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳ ಪ್ರಕಾರ ಕೊಠಡಿಯ ಒಂದು ದಿನದ ಬೆಲೆ ₹7,500 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಅದಕ್ಕೂ ಮೊದಲು ಕೆಳಗಿನ ದರ ಶೇ. 12 ಇತ್ತು. ಇಲ್ಲಿ ಗಮನಿಸಬೇಕಾದ್ದು, ಲೆಕ್ಕಕ್ಕೆ ಬರುವುದು ಗ್ರಾಹಕರಿಂದ ನಿಜವಾಗಿ ಪಡೆಯುವ ಬೆಲೆಯೇ ಹೊರತು ಗೀಟು ಎಳೆದು ತೋರಿಸಿದ ಮೂಲ ದರವಲ್ಲ. ಆ ಕೊಠಡಿಯನ್ನು ₹7,900ರ ವರ್ಗದ್ದೆಂದು ಕಂಪ್ಯೂಟರಿನಲ್ಲಿ ಶೇ. 18ಕ್ಕೆ ಸೇರಿಸಿಟ್ಟಿದ್ದರೆ, ರಿಯಾಯಿತಿ ಕೊಟ್ಟು ₹5,800ಕ್ಕೆ ಮಾರಿದಾಗಲೂ ಹಳೆಯ ಶೇಕಡಾವಾರೇ ಬಿಲ್ಲಿಗೆ ಬಂದು ಕೂರುತ್ತದೆ. ಇನ್ನೂ ಗಟ್ಟಿಯಾದ ವಾದ ಬಿಲ್ಲಿನಲ್ಲೇ ಇದೆ. ಹೋಟೆಲಿನವರ ಲೆಕ್ಕವನ್ನೇ ಪೂರ್ತಿ ಒಪ್ಪಿ, ಹೆಚ್ಚುವರಿ ವ್ಯಕ್ತಿಯ ಶುಲ್ಕವನ್ನೂ ಸೇವಾ ಶುಲ್ಕವನ್ನೂ ಸೇರಿಸಿ, ₹21,105ನ್ನು ಮೂರು ರಾತ್ರಿಗೆ ಹಂಚಿದರೂ ದಿನಕ್ಕೆ ₹7,035 ಆಗುತ್ತದೆ. ಅದೂ ₹7,500ರ ಒಳಗೇ. ಯಾವ ಕಡೆಯಿಂದ ನೋಡಿದರೂ ಶೇ. 18 ನಿಲ್ಲುವುದಿಲ್ಲ.

ಬಿಲ್ಲಿನಲ್ಲಿ ಈ ತೆರಿಗೆ ಕೇಂದ್ರ ಮತ್ತು ರಾಜ್ಯ ಎಂದು ಅರ್ಧರ್ಧ ಕಾಣಿಸುತ್ತದೆ. ಎರಡೂ ಕಡೆ ಶೇ. 2.5 ಇರಬೇಕಾದಲ್ಲಿ ಶೇ. 9 ಎಂದಿದ್ದರೆ ಎಚ್ಚೆತ್ತುಕೊಳ್ಳಿ. ಹೋಟೆಲಿನ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಬಿಲ್ಲಿನ ಮೇಲೆ ಇರಲೇಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. gst.gov.in ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ನೋಂದಣಿ ಜೀವಂತ ಇದೆಯೇ, ಯಾರ ಹೆಸರಿನಲ್ಲಿದೆ ಎಂಬುದು ಯಾರಿಗೆ ಬೇಕಾದರೂ ಕಾಣುತ್ತದೆ. ಸಂಖ್ಯೆಯೇ ಇಲ್ಲದ, ಮೇಲೆ "ಎಸ್ಟಿಮೇಟ್" ಎಂದು ಬರೆದ ಚೀಟಿ ಕೊಟ್ಟರೆ ಅದು ಬಿಲ್ಲಲ್ಲ. ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ ಎಂದು ಕೌಂಟರಿನಲ್ಲೇ ಕೇಳಿ ಪಡೆಯಬೇಕು. ಬಿಲ್ಲು ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು.

ಎರಡನೆಯದು ಸೇವಾ ಶುಲ್ಕ. ಹೋಟೆಲ್‌ಗಳಾಗಲಿ ರೆಸ್ಟೋರೆಂಟ್‌ಗಳಾಗಲಿ ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ರೆಸ್ಟೋರೆಂಟ್ ಸಂಘಟನೆಗಳು ಅದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆ ತೀರ್ಪಿನ ವಿರುದ್ಧ ಸಂಘಟನೆಗಳು ಮೇಲ್ಮನವಿ ಹೋಗಿವೆ. ನಮ್ಮ ಉದಾಹರಣೆಗೆ ಅಷ್ಟು ದೂರವೂ ಹೋಗಬೇಕಾಗಿಲ್ಲ. ಬುಕ್ ಮಾಡುವಾಗಿನ ದರಪಟ್ಟಿಯಲ್ಲಿ ಸೇವಾ ಶುಲ್ಕ ಎಂಬ ಸಾಲೇ ಇರಲಿಲ್ಲ, ಬಿಲ್ಲಿನಲ್ಲಿ ಇದೆ. ಮೊದಲು ಕಡಿಮೆ ಬೆಲೆ ತೋರಿಸಿ, ಆಮೇಲೆ ಒಂದೊಂದಾಗಿ ಶುಲ್ಕ ಸೇರಿಸುತ್ತಾ ಹೋಗುವುದಕ್ಕೆ 2023ರ ನವೆಂಬರ್‌ನಲ್ಲಿ ಸರ್ಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳಲ್ಲಿ ಡ್ರಿಪ್ ಪ್ರೈಸಿಂಗ್ ಎಂದು ಹೆಸರಿದೆ, ಅದು ನಿಷಿದ್ಧ.

ಮೂರನೆಯದಾದ ಹೆಚ್ಚುವರಿ ವ್ಯಕ್ತಿಯ ಶುಲ್ಕ ಮಾತ್ರ ಬುಕಿಂಗ್‌ನಲ್ಲಿ ನಾವು ಏನು ತುಂಬಿದ್ದೆವು ಎಂಬುದನ್ನು ಅವಲಂಬಿಸಿದೆ. ಬಹಳಷ್ಟು ಜನ ಆ್ಯಪ್‌ನಲ್ಲಿ ಮಕ್ಕಳನ್ನು ನಮೂದಿಸುವುದೇ ಇಲ್ಲ, ಇಬ್ಬರು ಎಂದು ಹಾಕಿ ಮೂವರು ಹೋಗುತ್ತಾರೆ. ಆಗ ಹೋಟೆಲಿನವರು ಶುಲ್ಕ ಕೇಳಿದರೆ ತಪ್ಪು ನಮ್ಮದೇ. ಇಲ್ಲಿ "ಇಬ್ಬರು ವಯಸ್ಕರು, ಒಂದು ಮಗು, ವಯಸ್ಸು 9" ಎಂದು ನಮೂದಾಗಿರುವುದರಿಂದ ಎರಡು ರಾತ್ರಿಯ ₹1,800 ಕೇಳುವ ಹಕ್ಕಿದೆ.

ಇಂತಹ ತಪ್ಪುಗಳೆಲ್ಲ ಮೋಸದ ಉದ್ದೇಶದಿಂದಲೇ ಆಗುತ್ತವೆ ಎಂದಲ್ಲ. ಆ್ಯಪ್‌ನಿಂದ ಬಂದ ಬುಕಿಂಗನ್ನು ಹೋಟೆಲಿನ ಕಂಪ್ಯೂಟರಿಗೆ ಸೇರಿಸುವಾಗ ಸ್ವಾಗತ ಕೌಂಟರಿನವರು ಮೂವರು ವಯಸ್ಕರು ಎಂದು ಒತ್ತಿದರೆ ಸಾಕು. ಕೊಠಡಿ ಬಾಡಿಗೆ ಪ್ರತಿ ರಾತ್ರಿ ತಾನಾಗಿ ಲೆಕ್ಕಕ್ಕೆ ಏರುವುದರಿಂದ ಆ ತಪ್ಪೂ ಪ್ರತಿ ರಾತ್ರಿ ಏರುತ್ತಾ ಹೋಗುತ್ತದೆ. ಇದನ್ನು ಗುರುತಿಸಲು ಒಂದು ಸುಲಭ ದಾರಿಯಿದೆ. ಅನುಮಾನದ ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಸರಿಯಾಗಿ ಭಾಗವಾಗಿ ಒಂದು ದುಂಡನೆಯ ಸಂಖ್ಯೆ ಬಂದರೆ, ಇಲ್ಲಿ 2,700ನ್ನು ಮೂರರಿಂದ ಭಾಗಿಸಿದಾಗ 900 ಬಂದಂತೆ, ತಪ್ಪು ನಾವು ಒಳಗೆ ಬಂದ ದಿನವೇ ಆಗಿರುವ ಸಾಧ್ಯತೆ ಹೆಚ್ಚು. ಬಂದ ದಿನ ಸಹಿ ಹಾಕಿಸಿಕೊಳ್ಳುವ ನೋಂದಣಿ ಕಾರ್ಡನ್ನು ಓದದೆ ಸಹಿ ಮಾಡಬಾರದು ಎಂಬುದೂ ಇದಕ್ಕೇ. ಎಷ್ಟೋ ಕಡೆ ದರ, ಜನರ ಸಂಖ್ಯೆ, "ತೆರಿಗೆ ಮತ್ತು ಸೇವಾ ಶುಲ್ಕ ಪ್ರತ್ಯೇಕ" ಎಂಬ ಸಣ್ಣಕ್ಷರದ ಸಾಲು ಆ ಕಾರ್ಡಿನಲ್ಲೇ ಇರುತ್ತವೆ. ಸಹಿ ಹಾಕುವ ಮೊದಲು ಅದರ ಒಂದು ಫೋಟೊ ತೆಗೆದುಕೊಳ್ಳಿ. ಆಮೇಲೆ ಹೋಟೆಲಿನವರು ಅದನ್ನೇ ಎದುರಿಗೆ ಹಿಡಿಯುತ್ತಾರೆ.

ಇನ್ನು ಸ್ಕ್ರೀನ್‌ಶಾಟ್. ಹುಡುಕಾಟದ ಪುಟದಲ್ಲಿ ಹತ್ತಾರು ಹೋಟೆಲುಗಳ ಪಟ್ಟಿಯ ನಡುವೆ ಕಾಣುವ ದರದ ಚಿತ್ರ ಯಾವ ಉಪಯೋಗಕ್ಕೂ ಬರುವುದಿಲ್ಲ. ಆ ದರ ಗಳಿಗೆಗೊಮ್ಮೆ ಬದಲಾಗುತ್ತದೆ, ಅನೇಕ ಸಲ ತೆರಿಗೆಯೂ ಸೇರಿರುವುದಿಲ್ಲ. ಬೇಕಾದದ್ದು ಬುಕ್ ಮಾಡುವ ಗುಂಡಿ ಒತ್ತುವ ಮುನ್ನ ಕಾಣುವ ಕೊನೆಯ ಪುಟ. ಅದರಲ್ಲಿ ಹೋಟೆಲಿನ ಹೆಸರು, ಕೊಠಡಿಯ ವರ್ಗ, ತಾರೀಖು, ಜನರ ಸಂಖ್ಯೆ, ತಿಂಡಿ ಸೇರಿದೆಯೇ ಎಂಬುದು, ದರದ ವಿವರ, ಕೊಡಬೇಕಾದ ಒಟ್ಟು ಮೊತ್ತ ಎಲ್ಲವೂ ಇರುತ್ತವೆ. ದರದ ವಿವರ ಮುಚ್ಚಿದ್ದರೆ ಪಕ್ಕದ ಬಾಣವನ್ನು ಒತ್ತಿ ಬಿಚ್ಚಿಕೊಂಡೇ ಚಿತ್ರ ತೆಗೆಯಬೇಕು. ಮಕ್ಕಳ ನಿಯಮ ಇನ್ನೊಂದು ಪುಟದಲ್ಲಿದ್ದರೆ ಅದರದ್ದೂ ಒಂದು ಚಿತ್ರ ಬೇಕು. ಬುಕಿಂಗ್ ಆದ ಮೇಲೆ ಮೇಲ್‌ಗೆ ಬರುವ ದೃಢೀಕರಣ ಪತ್ರ ಇವೆಲ್ಲಕ್ಕಿಂತ ಮುಖ್ಯ. ಸ್ಕ್ರೀನ್‌ಶಾಟ್ ನಮಗೆ ತೋರಿಸಿದ್ದನ್ನು ಹೇಳುತ್ತದೆ. ದೃಢೀಕರಣ ಪತ್ರ, ಬುಕಿಂಗ್ ಸಂಖ್ಯೆಯ ಸಮೇತ, ಅವರು ಒಪ್ಪಿಕೊಂಡದ್ದನ್ನು ಹೇಳುತ್ತದೆ. ಎರಡರಲ್ಲೂ ಒಂದೇ ಮೊತ್ತ ಇದ್ದರೆ ಹೋಟೆಲಿನವರಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಫೋನಿನ ಸ್ಕ್ರೀನ್‌ಶಾಟಿನಲ್ಲಿ ಸಾಮಾನ್ಯವಾಗಿ ಗಂಟೆ ಕಾಣುತ್ತದೆ, ತಾರೀಖು ಕಾಣುವುದಿಲ್ಲ. ಹಾಗಾಗಿ ತೆಗೆದ ದಿನವೇ ಆ ಚಿತ್ರಗಳನ್ನು ನಿಮ್ಮದೇ ಇಮೇಲ್ ವಿಳಾಸಕ್ಕೆ ಕಳಿಸಿಕೊಂಡುಬಿಡಿ. ಯಾವ ದಿನ ಆ ಚಿತ್ರ ನಿಮ್ಮ ಬಳಿ ಇತ್ತು ಎಂಬುದಕ್ಕೆ ಆ ಮೇಲ್ ದಾಖಲೆಯಾಗುತ್ತದೆ. ಮೂಲ ಚಿತ್ರವನ್ನು ಕತ್ತರಿಸಬೇಡಿ, ಅದರ ಮೇಲೆ ಕೆಂಪು ಗೆರೆ ಎಳೆಯಬೇಡಿ. ಗುರುತು ಹಾಕುವುದಿದ್ದರೆ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತವೆ. ಬಿಲ್ಲನ್ನು ಬಯಲಿನ ಬೆಳಕಿನಲ್ಲಿ ಸಪಾಟಾಗಿ ಇಟ್ಟು ನಾಲ್ಕೂ ಅಂಚು ಕಾಣುವಂತೆ ಫೋಟೊ ತೆಗೆಯಿರಿ. ಕಾರ್ಡ್ ಯಂತ್ರದಿಂದ ಬರುವ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅದರ ಫೋಟೊವೂ ಬೇಕು. ಹೊರಗೆ ಕಳಿಸುವ ಪ್ರತಿಗಳಲ್ಲಿ ಆಧಾರ್ ಸಂಖ್ಯೆ, ಕಾರ್ಡ್ ಸಂಖ್ಯೆ ಇದ್ದರೆ ಮರೆಮಾಚಬೇಕು. ಬುಕಿಂಗ್ ಸಂಖ್ಯೆ ಮತ್ತು ಬಿಲ್ ಸಂಖ್ಯೆಯನ್ನು ಮುಚ್ಚಬಾರದು.

ಕೌಂಟರಿನಲ್ಲಿ ವಾದ ಫಲಿಸದೆ ಹಣ ಕೊಡಲೇಬೇಕಾಗಿ ಬಂದರೆ, ಅವರು ಇಟ್ಟುಕೊಳ್ಳುವ ಬಿಲ್ ಪ್ರತಿಯ ಮೇಲೆ "ಆಕ್ಷೇಪ ಕಾಯ್ದಿರಿಸಿ ಪಾವತಿಸಿದ್ದೇನೆ" ಎಂದು ಬರೆದು ಸಹಿ ಮಾಡಿ, ಅದರ ಫೋಟೊ ತೆಗೆದುಕೊಳ್ಳಿ. ಮೊತ್ತಕ್ಕೆ ಒಪ್ಪಿ ಕೊಟ್ಟರು ಎಂದು ಆಮೇಲೆ ಹೇಳುವುದಕ್ಕೆ ಇದು ಅಡ್ಡಿ.

ಪತ್ರ ಹೀಗಿರಬಹುದು.

ಇವರಿಗೆ,
ಪ್ರಧಾನ ವ್ಯವಸ್ಥಾಪಕರು ಮತ್ತು ಲೆಕ್ಕಪತ್ರ ವಿಭಾಗ,
(ಹೋಟೆಲಿನ ಹೆಸರು, ವಿಳಾಸ)

ಪ್ರತಿ: ಕುಂದುಕೊರತೆ ಅಧಿಕಾರಿ, (ಬುಕಿಂಗ್ ಸಂಸ್ಥೆಯ ಹೆಸರು)

ವಿಷಯ: ಬುಕಿಂಗ್ ಸಂಖ್ಯೆ ….., ಬಿಲ್ ಸಂಖ್ಯೆ ….. – ಹೆಚ್ಚಾಗಿ ಪಡೆದ ₹5,689 ಮರಳಿಸುವ ಬಗ್ಗೆ

ಮಾನ್ಯರೇ,

ಮೇಲಿನ ಬುಕಿಂಗ್‌ನಂತೆ ಇಬ್ಬರು ವಯಸ್ಕರು ಮತ್ತು ಒಂಬತ್ತು ವರ್ಷದ ಒಂದು ಮಗು ತಮ್ಮಲ್ಲಿ ಮೂರು ರಾತ್ರಿ ತಂಗಿದ್ದೆವು. ಬುಕಿಂಗ್ ಸಮಯದಲ್ಲಿ ತೋರಿಸಿ, ಆಮೇಲೆ ದೃಢಪಡಿಸಿದ ಒಟ್ಟು ಮೊತ್ತ ತೆರಿಗೆ ಸೇರಿ ₹18,270 (ಲಗತ್ತು 1 ಮತ್ತು 2). ಬಿಲ್ಲಿನಂತೆ ಪಾವತಿಸಿದ್ದು ₹26,206 (ಲಗತ್ತು 4 ಮತ್ತು 5).

ಇದರಲ್ಲಿ ಊಟದ ₹1,302 ಮತ್ತು ಎರಡನೆಯ ರಾತ್ರಿ ನಾವು ಕೇಳಿ ಪಡೆದ ಹಾಸಿಗೆಯ ₹900 ಹಾಗೂ ಅದರ ತೆರಿಗೆ ₹45 ಸರಿಯಾಗಿವೆ. ಕೆಳಗಿನವುಗಳಿಗೆ ನಮ್ಮ ಆಕ್ಷೇಪವಿದೆ.

ಉಳಿದ ಎರಡು ರಾತ್ರಿಗೆ ಹೆಚ್ಚುವರಿ ವ್ಯಕ್ತಿಯೆಂದು ₹1,800 ಪಡೆಯಲಾಗಿದೆ. ಹತ್ತು ವರ್ಷದೊಳಗಿನ ಮಗುವಿಗೆ ಬೇರೆ ಹಾಸಿಗೆಯಿಲ್ಲದಿದ್ದರೆ ಶುಲ್ಕವಿಲ್ಲ ಎಂಬುದು ತಮ್ಮದೇ ನಿಯಮ (ಲಗತ್ತು 3). ದೃಢೀಕರಣ ಪತ್ರದಲ್ಲಿ ಇಲ್ಲದ ಸೇವಾ ಶುಲ್ಕವೆಂದು ₹1,005 ಪಡೆಯಲಾಗಿದೆ. ಕೊಠಡಿಯ ದಿನದ ಬೆಲೆ ₹7,500 ಮೀರದಿದ್ದರೂ ಶೇ. 18 ಜಿಎಸ್‌ಟಿ ವಿಧಿಸಲಾಗಿದೆ. ಕೊಠಡಿ ಮತ್ತು ಹಾಸಿಗೆ ಸೇರಿದ ₹18,300ಕ್ಕೆ ಶೇ. 5ರಂತೆ ₹915 ಆಗಬೇಕಿದ್ದು, ₹3,798.90 ಪಡೆಯಲಾಗಿದೆ. ತೆರಿಗೆಯ ವ್ಯತ್ಯಾಸ ₹2,883.90. ಹತ್ತು ಪೈಸೆಯ ಸರಿಹೊಂದಿಕೆ ಸೇರಿ ಒಟ್ಟು ₹5,689.

ಈ ಮೊತ್ತವನ್ನು ನಾನು ಪಾವತಿಸಿದ ಖಾತೆಗೇ, ಪತ್ರ ತಲುಪಿದ 15 ದಿನಗಳೊಳಗೆ ಮರಳಿಸಿ, ಕ್ರೆಡಿಟ್ ನೋಟ್ ಹಾಗೂ ಸರಿಪಡಿಸಿದ ಲೆಕ್ಕವನ್ನು ಕಳಿಸಿಕೊಡಬೇಕಾಗಿ ಕೋರುತ್ತೇನೆ. ತಪ್ಪಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
(ಹೆಸರು, ಫೋನ್, ತಾರೀಖು)

ಲಗತ್ತುಗಳು: 1. ಬುಕಿಂಗ್‌ನ ಕೊನೆಯ ಪುಟದ ಸ್ಕ್ರೀನ್‌ಶಾಟ್. 2. ದೃಢೀಕರಣ ಪತ್ರ. 3. ಮಕ್ಕಳ ನಿಯಮದ ಸ್ಕ್ರೀನ್‌ಶಾಟ್. 4. ಅಂತಿಮ ಬಿಲ್. 5. ಪಾವತಿಯ ರಸೀದಿ.

ಇದರಲ್ಲಿ ಮೋಸ, ದರೋಡೆ ಎಂಬ ಮಾತುಗಳಿಲ್ಲ. ಹೊಲಸು ಕೊಠಡಿ, ತಣ್ಣಗಿದ್ದ ತಿಂಡಿ, ಒರಟು ಮಾತಿನ ಸಿಬ್ಬಂದಿಯ ಪ್ರಸ್ತಾಪವೂ ಇಲ್ಲ. ಅವೆಲ್ಲ ನಿಜವೇ ಆಗಿದ್ದರೂ ಬೇರೆ ಪತ್ರಕ್ಕೆ ಇರಲಿ. ಇಲ್ಲದಿದ್ದರೆ ಹೋಟೆಲಿನವರು ತಿಂಡಿಯ ಬಗ್ಗೆ ವಿಷಾದ ಹೇಳಿ, ಮುಂದಿನ ಸಲ ಬಂದಾಗ ರಿಯಾಯಿತಿ ಕೊಡುತ್ತೇವೆಂದು ಬರೆದು ಹಣದ ವಿಷಯವನ್ನು ಬಿಟ್ಟುಬಿಡುತ್ತಾರೆ. ಹಾಗೆ ಕೂಪನ್ ಕೊಡಲು ಬಂದರೆ, ಕೇಳಿದ್ದು ಹಣ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ. ಹೊರರಾಜ್ಯದ ಹೋಟೆಲಾದರೆ ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ.

ಆ್ಯಪ್ ಸಂಸ್ಥೆಗೂ ಪ್ರತಿ ಕಳಿಸುವುದಕ್ಕೆ ಕಾರಣವಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂತಹ ಪ್ರತಿ ಸಂಸ್ಥೆಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ಅವರು 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪ್‌ನ ಮೂಲಕ ಬರುವ ಗಿರಾಕಿಗಳನ್ನು ಕಳೆದುಕೊಳ್ಳಲು ಹೋಟೆಲಿಗೂ ಇಷ್ಟವಿರುವುದಿಲ್ಲ. ಒಂದು ಎಚ್ಚರಿಕೆ: ಆ್ಯಪ್ ತನಗಾಗಿ ತೆಗೆದುಕೊಳ್ಳುವ ಕನ್ವೀನಿಯೆನ್ಸ್ ಫೀ ಹೋಟೆಲಿನ ಲೆಕ್ಕಕ್ಕೆ ಸೇರಿದ್ದಲ್ಲ, ಅದನ್ನು ಈ ಹೋಲಿಕೆಗೆ ಬೆರೆಸಬೇಡಿ.

ಹೋಟೆಲಿನಿಂದ ಬರಬಹುದಾದ ಒಂದು ಉತ್ತರ ಎಷ್ಟೋ ಜನರನ್ನು ಸುಮ್ಮನಾಗಿಸುತ್ತದೆ: "ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿಯಾಗಿದೆ, ನಾವು ವಾಪಸ್ ಕೊಡಲು ಬರುವುದಿಲ್ಲ." ಇದು ಒಪ್ಪುವ ಮಾತಲ್ಲ. ಬಿಲ್ಲಿನಲ್ಲಿ ತೆರಿಗೆ ಹೆಚ್ಚಾಗಿ ನಮೂದಾಗಿದ್ದರೆ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್‌ನಂತೆ ಹೋಟೆಲು ಕ್ರೆಡಿಟ್ ನೋಟ್ ಕೊಟ್ಟು, ಗ್ರಾಹಕರಿಗೆ ಹಣ ಮರಳಿಸಿ, ಅಷ್ಟನ್ನು ತನ್ನ ತೆರಿಗೆಯಲ್ಲಿ ಇಳಿಸಿಕೊಳ್ಳಬಹುದು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಅದಕ್ಕೆ ಅವಕಾಶವಿದೆ. ಪತ್ರದಲ್ಲಿ ಕ್ರೆಡಿಟ್ ನೋಟ್ ಎಂಬ ಮಾತನ್ನು ಸೇರಿಸಿದ್ದು ಇದಕ್ಕಾಗಿ. ಲೆಕ್ಕ ವಿಭಾಗದವರಿಗೆ ಅದು ದಿನನಿತ್ಯದ ಕೆಲಸ.

ಹದಿನೈದು ದಿನ ಕಳೆದರೂ ಉತ್ತರವಿಲ್ಲದಿದ್ದರೆ 1915ಕ್ಕೆ ಕರೆ ಮಾಡಬಹುದು, ಅಥವಾ consumerhelpline.gov.in ತಾಣದಲ್ಲಿ ದೂರು ದಾಖಲಿಸಬಹುದು. ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಅದು ನ್ಯಾಯಾಲಯವಲ್ಲ, ಸಂಸ್ಥೆಗೆ ದೂರನ್ನು ತಲುಪಿಸಿ ಉತ್ತರ ಕೇಳುತ್ತದೆ ಅಷ್ಟೆ. ಆದರೂ ಇಷ್ಟು ಸಣ್ಣ ಮೊತ್ತಕ್ಕೆ ಮೊದಲು ತಟ್ಟಬೇಕಾದ ಬಾಗಿಲು ಅದೇ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿಗೆ ಹೋಗುವಾಗ ಸ್ಕ್ರೀನ್‌ಶಾಟ್‌ಗಳ ಜೊತೆಗೆ, ಅವು ಯಾವ ಫೋನಿನಿಂದ ಹೇಗೆ ತೆಗೆದವು ಎಂದು ಹೇಳುವ ಒಂದು ಪ್ರಮಾಣಪತ್ರವನ್ನೂ ಇಡುವುದು ಒಳ್ಳೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅದನ್ನು ಕೇಳುತ್ತದೆ, ನಮೂನೆ ಅದೇ ಅಧಿನಿಯಮದ ಅನುಸೂಚಿಯಲ್ಲಿದೆ. ಮೂಲ ಚಿತ್ರಗಳನ್ನು ತೆಗೆದ ಫೋನನ್ನು ಅಲ್ಲಿಯವರೆಗೆ ಮಾರಬೇಡಿ, ಚಿತ್ರಗಳನ್ನು ಅಳಿಸಬೇಡಿ.

ಆಯೋಗದಲ್ಲಿ ಪ್ರಕರಣ ಮುಗಿಯಲು ತಿಂಗಳುಗಳೇ ಹಿಡಿಯಬಹುದು. ₹5,689ಕ್ಕಾಗಿ ಅಷ್ಟು ಓಡಾಟವೇ ಎಂದು ಅನೇಕರು ಅಲ್ಲಿಗೇ ಬಿಡುತ್ತಾರೆ, ಹೋಟೆಲಿನವರೂ ಅದನ್ನೇ ನಂಬಿಕೊಂಡಿರುತ್ತಾರೆ. ಆದರೆ 2019ರ ಕಾಯ್ದೆ ಓಡಾಟವನ್ನು ಬಹಳ ಕಡಿಮೆ ಮಾಡಿದೆ. ದೂರನ್ನು e-jagriti.gov.in ತಾಣದ ಮೂಲಕ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹೋಟೆಲು ಮೈಸೂರಿನಲ್ಲಿದ್ದರೂ ದಾವಣಗೆರೆಯ ಆ ದಂಪತಿ ತಾವು ವಾಸವಿರುವ ದಾವಣಗೆರೆಯ ಆಯೋಗದಲ್ಲೇ ದೂರು ಕೊಡಬಹುದು. ಬಿಲ್ಲು ಪಾವತಿಸಿದ ದಿನದಿಂದ ಎರಡು ವರ್ಷದವರೆಗೆ ಆ ಅವಕಾಶವಿದೆ.